ಮೈಗೆ ಬೇಕಾದಷ್ಟು ಸಡಿಲ

ಮನೆಯವರು ಅತ್ತಿಗೆಗೆ ಇಟ್ಟಿದ್ದ ಅಡ್ಡಹೆಸರು ಫಿನಾಯಿಲು. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ; ಅವಳು ಆ ಕೋಣೆಗೆ ಹೋದ ಮೇಲೆ ಈ ಕೋಣೆಯಲ್ಲಿ ಅನ್ನುತ್ತಿದ್ದರು. ದೊಡ್ಡದೊಂದು ವಸತಿ ಹೋಟೆಲಿನಲ್ಲಿ ರೂಮುಗಳ ಚೊಕ್ಕಟ ನೋಡಿಕೊಳ್ಳುವ ಸೂಪರ್‌ವೈಸರ್ ಅವಳು. ಹಾಸಿದ ಬೆಡ್‌ಶೀಟನ್ನು ಮೂಸಿ ನೋಡುವುದು, ಬಾಗಿಲಿನ ಮೇಲಂಚಿನಲ್ಲಿ ಬೆರಳಾಡಿಸಿ ಆ ಬೆರಳನ್ನು ಕೆಲಸದ ಹೆಂಗಸರ ಮುಖದೆದುರು ಹಿಡಿಯುವುದು ಅವಳ ದಿನದ ಕೆಲಸ. ಕೆಲಸ ಮುಗಿಸಿ ಬಂದರೂ ಮೂಗಿಗೆ ರಜೆ ಇರಲಿಲ್ಲ. ನಾದಿನಿ ಮನೆಗೆ ಬಂದರೆ ಬಟ್ಟೆಗೆ ಅಂಟಿದ ದಾರದ ಚೂರುಗಳ ಮೇಲೇ ಅವಳ ಕಣ್ಣು. ಒಮ್ಮೆ ಊಟದ ನಡುವೆ ಎದ್ದು ಬಂದು ನಾದಿನಿಯ ತೋಳಿನಿಂದ ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಸತ್ತ ಹುಳವನ್ನು ಒಯ್ಯುವ ಹಾಗೆ ಕಸದ ಬುಟ್ಟಿಗೆ ಒಯ್ದಿದ್ದಳು.

ಆ ನಾದಿನಿಯೇ ಪುಟ್ಟಿ. ವಯಸ್ಸು ನಲವತ್ತು ದಾಟಿದರೂ ಮನೆಯಲ್ಲಿ ಪುಟ್ಟಿಯೇ. ಔಷಧಿ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವಿನ ಒಂದು ಮಳಿಗೆಯಲ್ಲಿ ಹೆಂಗಸರ ಬಟ್ಟೆ ಹೊಲಿದುಕೊಂಡು ತನ್ನ ಪಾಡಿಗೆ ತಾನಿದ್ದಳು.

ವರ್ಷದ ಮೊದಲಲ್ಲಿ ಅತ್ತಿಗೆಗೆ ಕಾಯಿಲೆ ಬಂತು. ದೊಡ್ಡ ಕರುಳು ಪೂರಾ ಹಾಳಾಗಿದೆ, ತೆಗೆಯದೆ ಗತಿಯಿಲ್ಲ ಎಂದರು ಡಾಕ್ಟರು. ತೆಗೆದರು. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ, ಹೊಕ್ಕುಳಿಗಿಂತ ಸ್ವಲ್ಪ ಕೆಳಗೆ ಹೊರಕ್ಕೆ ತಂದು, ಅದರ ಮೇಲೆ ಒಂದು ಚೀಲ ಅಂಟಿಸಿದರು. ಇನ್ನು ಮೇಲೆ ಏನಿದ್ದರೂ ಆ ಚೀಲಕ್ಕೇ. ಮೂರನೇ ಒಂದು ಭಾಗ ತುಂಬುತ್ತಲೇ ಹೋಗಿ ಖಾಲಿ ಮಾಡಬೇಕು, ಕೆಲವು ದಿನಕ್ಕೊಮ್ಮೆ ಚೀಲವನ್ನೇ ಬದಲಿಸಬೇಕು. ಇದು ಬದುಕಿರುವ ತನಕ.

ಆಸ್ಪತ್ರೆಯಿಂದ ಬಂದ ವಾರದಲ್ಲಿ ಪುಟ್ಟಿ ನೋಡಲು ಹೋಗಿದ್ದಳು. ಎಲ್ಲ ಕಿಟಕಿಗಳೂ ತೆರೆದಿದ್ದವು. ಅಣ್ಣನ ದಿಂಬು ಹೊದಿಕೆ ಹಾಲಿನ ಸೋಫಾದ ಮೇಲಿದ್ದವು. ಅತ್ತಿಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೇಗಿದ್ದೀರಿ ಎಂದು ಕೇಳಿದ್ದಕ್ಕೆ ಬಚ್ಚಲ ಮೋರಿಯ ಹಾಗಿದ್ದೀನಿ ಎಂದಳು. ಪುಟ್ಟಿ ತಂದಿದ್ದ ಹಣ್ಣಿಟ್ಟು ಬಂದುಬಿಟ್ಟಳು. ಬೀದಿಗೆ ಬಂದ ಮೇಲೆ ಕೈಗಳನ್ನು ಮೂಸಿಕೊಂಡಳು. ಅಲ್ಲಿ ಏನನ್ನೂ ಮುಟ್ಟಿರಲಿಲ್ಲ. ಆದರೂ ಮೂಸಿಕೊಂಡಳು.

ನಾಲ್ಕು ತಿಂಗಳಾದ ಮೇಲೆ ಅಣ್ಣನ ಫೋನು ಬಂತು. ಅತ್ತಿಗೆ ಮತ್ತೆ ಕೆಲಸಕ್ಕೆ ಹೊರಟಿದ್ದಾಳಂತೆ; ಮೈ ಇಳಿದು ಏರಿ ಹಳೆಯ ಯೂನಿಫಾರ್ಮುಗಳು ಒಂದೂ ಸರಿಹೋಗುತ್ತಿಲ್ಲವಂತೆ; ಹೋಟೆಲಿನವರು ಬಟ್ಟೆಯನ್ನೂ ಕಾಗದದ ಪ್ಯಾಟರ್ನನ್ನೂ ಕೊಟ್ಟು ಹೊಲಿಸಿಕೊಳ್ಳಿ ಅಂದಿದ್ದಾರಂತೆ. ಪ್ಯಾಟರ್ನು ಎರಡಿವೆ. ಒಂದು ಸೂಪರ್‌ವೈಸರುಗಳದು, ಮೈಗೊಪ್ಪುವ ನೆಟ್ಟನೆಯ ಡ್ರೆಸ್ಸು. ಇನ್ನೊಂದು ರೂಮು ಗುಡಿಸುವವರದು, ಭುಜದಿಂದ ಹರವಾಗಿ ಇಳಿಬೀಳುವ ಅಂಗಿ.

"ಆ ಟೈಟ್ ಡ್ರೆಸ್ಸು ಅವಳ ಅಳತೆಗೆ ಬರಲ್ಲ ಅಂತ ಹೇಳ್ಬಿಡು ಪುಟ್ಟಿ," ಎಂದ ಅಣ್ಣ. "ನಿನ್ನ ಕಸುಬು, ನೀನು ಹೇಳಿದ್ರೆ ನಂಬ್ತಾಳೆ. ಆ ಲೂಸ್ ಅಂಗೀನೇ ಹೊಲ್ಕೊಡು. ಯಾರ ಕಣ್ಣಿಗೂ ಬೀಳೋದು ಬೇಡ. ನನಗೇ ಅನ್ನ ಇಳಿಯಲ್ಲ, ಇನ್ನು ಹೊರಗಿನವರು ಹೆಂಗೆ ಸಹಿಸ್ತಾರೆ."

ಪುಟ್ಟಿ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ನೋಡೋಣ ಎಂದಳು. ನಿಜ ಹೇಳಬೇಕೆಂದರೆ ಅವಳಿಗೂ ಅದೇ ಅನುಕೂಲವಾಗಿತ್ತು. ಹರವಾದ ಅಂಗಿಗೆ ಅಷ್ಟು ಹತ್ತಿರ ನಿಂತು ಅಳೆಯಬೇಕಿಲ್ಲ, ಸೊಂಟದ ಸುತ್ತ ಕೈ ಹಾಕಿ ಗುಂಡುಸೂಜಿ ಚುಚ್ಚಬೇಕಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆಯೇ ಅತ್ತಿಗೆ ಬಾಗಿಲಲ್ಲಿದ್ದಳು. ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳಲಿಲ್ಲ. ಪರದೆಯ ಹಿಂದೆ ಹೋಗಿ ಒಳಲಂಗದಲ್ಲಿ ನಿಂತು, ಬೇಗ ಮುಗಿಸು ಎಂದಳು. ಪುಟ್ಟಿ ಉಸಿರು ಬಿಗಿಹಿಡಿದು ಟೇಪು ಸುತ್ತಿದಳು. ಲಂಗದ ಬಲಗಡೆ ಚಪ್ಪಟೆಯಾದ ಏನೋ ಇತ್ತು, ಟೇಪು ಅದರ ಮೇಲೆ ಹಾಯುವಾಗ ಸಣ್ಣಗೆ ಚರಚರ ಸದ್ದಾಯಿತು. ಪುಟ್ಟಿಗೆ ವಾಸನೆ ಬಂದ ಹಾಗಾಯಿತು. ಚೀಲ ಸರಿಯಾಗಿ ಅಂಟಿದ್ದರೆ ವಾಸನೆ ಬರುವುದೇ ಇಲ್ಲ ಎಂಬುದು ಅವಳಿಗೆ ಆಮೇಲೆ ತಿಳಿದ ಮಾತು. ಆ ಹೊತ್ತಿಗೆ ಮಾತ್ರ ಬಂದೇ ಬಂತು. ಎದೆ ಮೂವತ್ತಾರೂವರೆ, ಸೊಂಟ ಮೂವತ್ತೊಂದು, ಹಿಂಭಾಗದ ಸುತ್ತು ನಲವತ್ತೊಂದು ಎಂದು ಗೀಚಿಕೊಂಡು ಅವಳು ಹಿಂದಕ್ಕೆ ಸರಿದಳು.

ಅಳತೆ ಸರಿಯಾಗಿ ಎರಡು ಸೈಜುಗಳ ನಡುವೆ ಬಿದ್ದಿತ್ತು. ಪ್ಯಾಟರ್ನಿನ ಮೇಲೆ ಚಿಕ್ಕ ಸೈಜಿಗೆ ಸೊಂಟ ಮೂವತ್ತು, ಸುತ್ತು ನಲವತ್ತು ಎಂದಿತ್ತು; ದೊಡ್ಡದಕ್ಕೆ ಮೂವತ್ತೆರಡು, ನಲವತ್ತೆರಡು. ಅತ್ತಿಗೆ ಅದನ್ನು ಕನ್ನಡಕ ಏರಿಸಿಕೊಂಡು ಓದಿ, ಚಿಕ್ಕದೇ ಇರಲಿ ಎಂದಳು. ಹಿಂದೆಯೂ ತನ್ನದು ಚಿಕ್ಕದೇ ಆಗಿತ್ತು ಎಂದೂ ಸೇರಿಸಿದಳು.

ಅಣ್ಣ ಹೇಳಿಕೊಟ್ಟ ಸುಳ್ಳು ಪುಟ್ಟಿಯ ಬಾಯಿಗೆ ಬರಲಿಲ್ಲ; ಬದಲಿಗೆ ಕಸುಬಿನ ಮಾತೇ ಬಂತು. ಪ್ಯಾಟರ್ನಿನ ಮೇಲೆ ಬರೆದಿರುವುದು ಮೈಯ ಅಳತೆ, ಬಟ್ಟೆಯದಲ್ಲ ಎಂದು ಅವಳು ವಿವರಿಸಿದಳು. ಹೊಲಿದಾದ ಮೇಲೆ ಬಟ್ಟೆ ಎಷ್ಟು ಬರುತ್ತದೆ ಎಂಬುದನ್ನು ಕೆಳಗೆ ಬೇರೆ ಬರೆದಿರುತ್ತಾರೆ. ಆ ಎರಡರ ನಡುವಿನ ವ್ಯತ್ಯಾಸವೇ ಸಡಿಲ. ಅದರಲ್ಲೂ ಎರಡು ಬಗೆ. ಉಸಿರಾಡಲು, ಬಗ್ಗಲು, ಕೂರಲು ಇಷ್ಟಾದರೂ ಬೇಕು ಎಂದು ಬಿಡುವುದು ಒಂದು. ಪುಸ್ತಕದಲ್ಲಿ ವೇರಿಂಗ್ ಈಸ್ ಎನ್ನುತ್ತಾರೆ, ತಾನು ಮೈಯ ಸಡಿಲ ಎನ್ನುತ್ತೇನೆ. ನೋಟಕ್ಕೆಂದು, ಹರವಾಗಿ ಕಾಣಲೆಂದು ಅದರ ಮೇಲೆ ಇನ್ನಷ್ಟು ಬಿಡುವುದು ಇನ್ನೊಂದು. ಅದು ಡಿಸೈನ್ ಈಸ್, ಅಂದದ ಸಡಿಲ. ಗುಡಿಸುವವರ ಅಂಗಿಯಲ್ಲಿ ಚಿಕ್ಕ ಸೈಜೇ ಸುತ್ತಿನಲ್ಲಿ ನಲವತ್ತೊಂಬತ್ತು ಇಂಚು ಬರುತ್ತದೆ. ಒಂಬತ್ತು ಇಂಚು ಸಡಿಲದಲ್ಲಿ ಮೈಗೆ ಬೇಕಾದದ್ದು ಎರಡೇ, ಉಳಿದ ಏಳು ಬರೀ ಅಂದಕ್ಕೆ. ಅಲ್ಲಿ ಮೈ ಒಂದಿಂಚು ಹೆಚ್ಚಾದರೂ ಅಂದದ ಪಾಲಿನಲ್ಲಿ ಕರಗಿಹೋಗುತ್ತದೆ, ಚಿಕ್ಕದನ್ನು ಧಾರಾಳವಾಗಿ ಹಾಕಬಹುದು. ಮೈಗೊಪ್ಪುವ ಡ್ರೆಸ್ಸಿನಲ್ಲಿ ಚಿಕ್ಕ ಸೈಜು ಬರುವುದೇ ನಲವತ್ತೆರಡು. ಅಂದದ ಸಡಿಲ ಅಲ್ಲಿ ಇಲ್ಲವೇ ಇಲ್ಲ. ಇರುವ ಎರಡಿಂಚು ಮೈಯದು. ಅದರಲ್ಲಿ ಒಂದು ಈಗಾಗಲೇ ಹೋಯಿತು.

"ಅದಕ್ಕೇ ಅತ್ತಿಗೆ, ಆ ಅಂಗೀನೇ ಒಳ್ಳೇದು ಅನ್ಸುತ್ತೆ," ಎಂದಳು ಪುಟ್ಟಿ.

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಅದನ್ನು ಹೇಳಿದ್ದು ಯಾವ ಆಸೆಯಿಂದ ಎಂದು ಅವಳಿಗೆ ಗೊತ್ತಿತ್ತು. ಅತ್ತಿಗೆಗೂ ಗೊತ್ತಾಗಿರಬೇಕು. ಅವಳು ಲಂಗದ ಲಾಡಿ ಕಟ್ಟಿಕೊಳ್ಳುತ್ತಾ ಪುಟ್ಟಿಯನ್ನು ಸ್ವಲ್ಪ ಹೊತ್ತು ನೋಡಿದಳು.

"ನಿಮ್ಮಣ್ಣ ಫೋನ್ ಮಾಡಿದ್ರಾ?"

ಪುಟ್ಟಿ ಪ್ಯಾಟರ್ನಿನ ಕಾಗದ ಮಡಿಸತೊಡಗಿದಳು.

"ಆ ಅಂಗಿ ಹಾಕೊಂಡು ನಾನು ಯಾರಿಗೆ ಕೆಲಸ ಹೇಳ್ಲಿ? ಚಿಕ್ಕ ಸೈಜಲ್ಲೇ ಡ್ರೆಸ್ ಹೊಲಿ. ನನ್ನ ಮೈ ನನಗೆ ಗೊತ್ತು."

ಹೊರಟು ಹೋದಳು. ಗುಡಿಸುವವರ ಅಂಗಿ ಅಂದರೆ ಅತ್ತಿಗೆಗೆ ಎಷ್ಟು ಅಸಹ್ಯ ಎಂದು ಪುಟ್ಟಿಗೆ ಅರ್ಥವಾಯಿತು. ಅದನ್ನು ತೊಟ್ಟವರ ಕೈಯಿಂದ ಇಪ್ಪತ್ತು ವರ್ಷ ಮಂಚದಡಿಯ ಕಸ ಎತ್ತಿಸಿದವಳು. ಆ ಅಸಹ್ಯವೂ ಪುಟ್ಟಿಗೆ ಅಸಹ್ಯವೆನಿಸಿತು. ಮೈಮೇಲೇ ಇಂಥದ್ದನ್ನು ಹೊತ್ತುಕೊಂಡು ಇನ್ನೂ ಯಾರನ್ನು ಕೀಳು ಮಾಡಬೇಕು ಈ ಹೆಂಗಸು ಎಂದು ಗೊಣಗುತ್ತಾ ಟೇಪನ್ನು ಸ್ಪಿರಿಟ್ಟಿನಲ್ಲಿ ಒರೆಸಿದಳು. ಎರಡು ಸಲ ಒರೆಸಿದಳು.

ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮೊದಲು ಕೋರಾ ಬಟ್ಟೆಯಲ್ಲಿ ಒಂದು ಮಾದರಿ ಹೊಲಿದು ನೋಡುವುದು ಪುಟ್ಟಿಯ ಪದ್ಧತಿ. ಹೇಳಿದ ಹಾಗೆ ಚಿಕ್ಕ ಸೈಜಿನಲ್ಲೇ ಹೊಲಿದಳು. ನಿನಗೆ ಬೇಕಾದ್ದು ಇದೇ ತಾನೆ, ತಗೋ, ಎಂಬ ಹಟವೂ ಆ ಹೊಲಿಗೆಯಲ್ಲಿತ್ತು. ಭಾನುವಾರ ಮಧ್ಯಾಹ್ನ ಅದನ್ನು ತೆಗೆದುಕೊಂಡು ಅಣ್ಣನ ಮನೆಗೆ ಹೋದಳು.

ಊಟ ಆಗತಾನೆ ಮುಗಿದಿತ್ತು. ಅಣ್ಣ ಹಾಲಿನಲ್ಲಿ ಟಿವಿಯ ಮುಂದೆ ಹಲ್ಲುಕಡ್ಡಿ ಆಡಿಸುತ್ತಾ ಕೂತಿದ್ದ. ಅವನ ತಟ್ಟೆ, ಲೋಟ, ಚಮಚ ಅಡುಗೆಮನೆಯಲ್ಲಿ ಬೇರೆ ಶೆಲ್ಫಿನಲ್ಲಿದ್ದವು. ಅತ್ತಿಗೆ ಅವನ್ನು ಮುಟ್ಟಬಾರದೆಂದು ಅವನೇ ಇಟ್ಟುಕೊಂಡಿದ್ದ. ನೀರು ಕುಡಿಯಲು ಹೋದ ಪುಟ್ಟಿಗೆ ಯಾವ ಲೋಟ ತೆಗೆದುಕೋ, ಯಾವುದು ಬೇಡ ಎಂದು ಅಲ್ಲಿಂದಲೇ ಕೂಗಿ ಹೇಳಿದ. ಅತ್ತಿಗೆ ಅದನ್ನು ಕೇಳಿಸಿಕೊಂಡೂ ಕೇಳಿಸದವಳಂತೆ ಒರೆಸಿದ್ದ ಟೇಬಲನ್ನೇ ಮತ್ತೆ ಒರೆಸುತ್ತಿದ್ದಳು.

ಮಲಗುವ ಕೋಣೆಯಲ್ಲಿ ಅತ್ತಿಗೆ ಡ್ರೆಸ್ಸು ತೊಟ್ಟಳು. ನಿಂತಾಗ ನೋಡಲು ಚೆನ್ನಾಗಿಯೇ ಇತ್ತು. ಭುಜ ಗೆರೆ ಹಾಕಿದ ಹಾಗೆ ಕೂತಿತ್ತು, ಬೆನ್ನು ನೆಟ್ಟಗಿತ್ತು. ಅವಳು ಕನ್ನಡಿಯ ಮುಂದೆ ಎಡಕ್ಕೂ ಬಲಕ್ಕೂ ತಿರುಗಿದಳು, ಮುಖದಲ್ಲಿ ತಿಂಗಳುಗಳಿಂದ ಇಲ್ಲದ ಒಂದು ಬಿಗುವು ಬಂತು. ನೋಡಿದೆಯಾ, ಚಿಕ್ಕದೇ ಸರಿ ಎಂದಳು. ಈ ಬಟ್ಟೆಯಲ್ಲಿ ಒಂದು ಸಲ ಕೂತು ತೋರಿಸಿ ಎಂದಳು ಪುಟ್ಟಿ. ಸೂಪರ್‌ವೈಸರುಗಳು ಕೂರುವುದಿಲ್ಲ ಎಂದಳು ಅತ್ತಿಗೆ. ಆದರೂ ಹಾಲಿಗೆ ನಡೆದು, ಗಂಡ ನೋಡಲಿ ಎಂದೇ ಇರಬೇಕು, ಅವನೆದುರಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು.

ಕೋರಾ ಬಟ್ಟೆ ತೊಡೆಯ ಮೇಲ್ಭಾಗದಲ್ಲಿ ಬಿಗಿದುಕೊಂಡು ಅಡ್ಡಡ್ಡ ಸುಕ್ಕು ಎಳೆಯಿತು. ಹೊಟ್ಟೆಯ ಬಲಭಾಗ ಒಮ್ಮೆಗೇ ಉಬ್ಬಿ, ಅಲ್ಲಿಯೇ ಒತ್ತಿಕೊಂಡಿತು. ಊಟದ ಮೇಲಿನ ಹೊತ್ತು. ಚೀಲಕ್ಕೆ ಹಿಗ್ಗಲು ಎಡೆಯಿರಲಿಲ್ಲ. ಅತ್ತಿಗೆ ಥಟ್ಟನೆ ಕೈಯನ್ನು ಅಲ್ಲಿಗೆ ಒಯ್ದಳು. ಬಿಳಿಯ ಬಟ್ಟೆಯ ಮೇಲೆ ಒಂದು ಕಂದು ಕಲೆ ಮೂಡಿ, ನೋಡುತ್ತಿದ್ದ ಹಾಗೆಯೇ ಅಗಲವಾಯಿತು. ಈ ಸಲ ವಾಸನೆ ನಿಜವಾಗಿಯೂ ಬಂತು.

ಅಣ್ಣ ಥೂ ಎಂದು ಎದ್ದ. ಅಂಗಿಯನ್ನು ಮೂಗಿನವರೆಗೆ ಎಳೆದುಕೊಂಡು, ಮೂಲೆಯಲ್ಲಿದ್ದ ಸ್ಪ್ರೇ ಡಬ್ಬಿ ತಂದು ಕುರ್ಚಿಯ ಸುತ್ತ ಹೊಡೆದ. ಕುರ್ಚಿಯ ಸುತ್ತ ಅಷ್ಟೇ ಅಲ್ಲ, ಅದರಲ್ಲಿ ಕೂತಿದ್ದವಳ ಮೇಲೂ ಹೊಡೆದ. ಜಿರಳೆಗೆ ಹೊಡೆಯುವ ಹಾಗೆ, ಮುಖ ಆ ಕಡೆ ತಿರುಗಿಸಿಕೊಂಡು, ಕೈ ಮಾತ್ರ ಚಾಚಿ.

"ಪ್ರಾಣಿಗಳು ವಾಸಿ," ಎಂದ ತಂಗಿಯ ಕಡೆ ತಿರುಗಿ. "ಅವಕ್ಕಾದ್ರೂ ಹೊರಗೆ ಹೋಗ್ಬೇಕು ಅಂತ ಗೊತ್ತಿರುತ್ತೆ. ಹೇಳಿದ್ನಲ್ಲ ನಿಂಗೆ, ಆ ಗುಡಾರದಂಥದ್ದು ಹೊಲ್ಕೊಡು ಅಂತ."

ಚಪ್ಪಲಿ ಮೆಟ್ಟಿ ಹೊರಗೆ ನಡೆದುಬಿಟ್ಟ. ಅತ್ತಿಗೆಯ ತಲೆಗೂದಲ ಮೇಲೆ ಮಲ್ಲಿಗೆಯ ಸುಳ್ಳು ವಾಸನೆಯ ಹನಿಗಳು ಮಿನುಗುತ್ತಿದ್ದವು.

ಪುಟ್ಟಿಯ ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬಂತು. ಆ ವಾಕರಿಕೆ ಎಲ್ಲಿಂದ ಬಂತೆಂದು ಅವಳು ಯೋಚಿಸಬೇಕಾಗಿಯೇ ಇರಲಿಲ್ಲ. ಕಲೆ ಅವಳ ಕಣ್ಣೆದುರೇ ಇತ್ತು, ಅದನ್ನು ನೋಡಬಹುದಾಗಿತ್ತು. ಒಂದು ಗಳಿಗೆಯ ಮುಂಚೆ ನೋಡಲು ಆಗದಂತಿದ್ದದ್ದು ಈಗ ಬರೀ ಒಂದು ಕಲೆಯಾಗಿತ್ತು. ನೋಡಲಾಗದೇ ಇದ್ದದ್ದು ಆ ಚಾಚಿದ ಕೈ. ಚಿಕ್ಕಂದಿನಲ್ಲಿ ಆ ಕೈಯೇ ತನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ತಿರುಗಿಸಿದ್ದು ಎಂಬುದು ನೆನಪಾದಾಗ ಇನ್ನೂ ಅಸಹ್ಯವಾಯಿತು.

ಅತ್ತಿಗೆ ತಾನೇ ಎದ್ದಳು. ಪುಟ್ಟಿ ಕೈ ಕೊಡಲು ಹೋದರೆ, ಮುಟ್ಟಬೇಡ ಎಂದು ಗದರಿದಳು. ಬಚ್ಚಲಲ್ಲಿ ಬಹಳ ಹೊತ್ತು ನೀರು ಬೀಳುವ ಸದ್ದು ಕೇಳಿಸಿತು. ಪುಟ್ಟಿ ಕುರ್ಚಿಯನ್ನು ಒರೆಸಿದಳು, ನೆಲ ಒರೆಸಿದಳು, ಆ ಸ್ಪ್ರೇ ಡಬ್ಬಿಯನ್ನು ತೆಗೆದು ಕಸಕ್ಕೆ ಹಾಕಿದಳು. ಆಗಲೂ ಅವಳ ಮೂಗು ಹಿಂಡುತ್ತಿತ್ತು, ಬಾಯಲ್ಲಿ ಹುಳಿನೀರು ಬರುತ್ತಿತ್ತು. ಅದನ್ನು ನುಂಗಿಕೊಂಡೇ ಒರೆಸಿದಳು.

ಅತ್ತಿಗೆ ಹಳೆಯ ನೈಟಿ ತೊಟ್ಟು ಬಂದು ಹಾಸಿಗೆಯ ಅಂಚಿನಲ್ಲಿ ಕೂತಳು. ಒದ್ದೆಯ ಕೋರಾ ಬಟ್ಟೆಯನ್ನು ಒಂದು ಕವರಿನಲ್ಲಿ ಕಟ್ಟಿ ಎಸೆದಾಗಿತ್ತು. ನಿನ್ನ ಶ್ರಮ ಹಾಳಾಯಿತು ಎಂದಳು. ತನ್ನ ಮೈ ಅಂದರೆ ತನಗೇ ಹೇಸಿಗೆ, ಬೆಳಿಗ್ಗೆ ಚೀಲ ಬದಲಿಸುವಾಗ ಚಾವಣಿ ನೋಡುತ್ತಾ ಬದಲಿಸುತ್ತೇನೆ, ಇನ್ನು ಅವರನ್ನು ಅಂದು ಏನು ಬಂತು ಎಂದಳು. ಇಡೀ ಜೀವಮಾನ ಬೇರೆಯವರ ಕೊಳೆ ಹುಡುಕಿಕೊಂಡು ತಿರುಗಿದವಳ ಹೊಟ್ಟೆಗೇ ಕೊಳೆ ಕಟ್ಟಿದ ಹಾಗಾಯಿತು ಎಂದಳು. ಇದನ್ನೆಲ್ಲ ಅಳದೆ, ರೂಮು ನಂಬರು ಓದುವ ದನಿಯಲ್ಲಿ ಹೇಳಿದಳು.

ಪುಟ್ಟಿಗೆ ಸಮಾಧಾನದ ಮಾತು ಬರುವುದಿಲ್ಲ. ಅವಳು ತನ್ನ ಹೊಲಿಗೆಯ ಬ್ಯಾಗಿನಿಂದ ಟೇಪು ತೆಗೆದಳು.

"ಅತ್ತಿಗೆ, ಮೊನ್ನೆ ನಾನು ಅಳತೆ ಸರಿಯಾಗಿ ತಗೊಳ್ಳಲಿಲ್ಲ. ನನಗೆ ಹೇಸಿಗೆ ಆಯ್ತು, ಬೇಗ ಮುಗಿಸಿಬಿಟ್ಟೆ. ಈಗ ಇನ್ನೊಂದ್ಸಲ ತಗೋತೀನಿ. ಕೂತ್ಕೊಂಡೇ ಇರಿ."

ಅತ್ತಿಗೆ ತಲೆ ಎತ್ತಿದಳು. ಹೇಸಿಗೆಯಾಯಿತು ಎಂದು ಮುಖಕ್ಕೆ ಹೇಳಿದವರಲ್ಲಿ ಇವಳೇ ಮೊದಲಿನವಳೇನೋ. ಬಂದವರೆಲ್ಲ ಏನೂ ಆಗಿಲ್ಲವೆಂಬಂತೆ ನಗುತ್ತಾ ಕಿಟಕಿಯ ಪಕ್ಕಕ್ಕೆ ಕುರ್ಚಿ ಸರಿಸಿಕೊಂಡು ಕೂರುತ್ತಿದ್ದರು.

"ಈಗಲೂ ಆಗ್ತಿದೆಯಾ?" ಎಂದು ಕೇಳಿದಳು.

"ಆಗ್ತಿದೆ. ಸ್ವಲ್ಪ ಕಡಿಮೆ."

"ಸರಿ. ತಗೋ ಹಾಗಾದ್ರೆ."

ಮೊದಲ ಸಲ ಅಳೆದದ್ದು ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಚೀಲ ಬರಿದು ಮಾಡಿಕೊಂಡು, ಉಸಿರು ಒಳಗೆಳೆದುಕೊಂಡು ನಿಂತಿದ್ದಾಗ. ಹಾಗೆ ಅವಳು ದಿನದಲ್ಲಿ ಎಷ್ಟು ಹೊತ್ತು ಇರುತ್ತಾಳೆ? ಪುಟ್ಟಿ ಬಿಡಿಸಿ ಬಿಡಿಸಿ ಕೇಳಿದಳು, ಅತ್ತಿಗೆ ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು. ಊಟವಾದ ಮೇಲೆ ಬೇಗ ತುಂಬುತ್ತದೆ. ಗಾಳಿ ಸೇರಿದರೆ ಚೆಂಡಿನ ಹಾಗೆ ಉಬ್ಬುತ್ತದೆ. ಒತ್ತಡ ಬಿದ್ದರೆ ಕೆಳಗಿಳಿಯಬೇಕಾದ್ದು ಅಂಟಿನ ಸಂದಿಗೆ ನುಗ್ಗುತ್ತದೆ, ಆಗಲೇ ಸೋರುವುದು. ಮಂಚದಡಿ ನೋಡಲು ಬಗ್ಗಬೇಕು, ಕೆಳಗಿನ ಡ್ರಾಯರು ಎಳೆಯಲು ಕುಕ್ಕರುಗಾಲಲ್ಲಿ ಕೂರಬೇಕು. ಸೂಪರ್‌ವೈಸರು ಕೂರುವುದಿಲ್ಲ ಎಂದದ್ದು ಸುಳ್ಳು. ಪುಟ್ಟಿ ಚೀಲವನ್ನು ನೋಡಲು ಕೇಳಿದಳು. ಅತ್ತಿಗೆ ನೈಟಿ ಎತ್ತಿದಳು. ಅಂಗೈಗಿಂತ ಸ್ವಲ್ಪ ದೊಡ್ಡದು, ಮೈಬಣ್ಣದ ಬಟ್ಟೆಯ ಹೊದಿಕೆ. ಇಷ್ಟೇನಾ ಎಂದುಕೊಂಡಳು ಪುಟ್ಟಿ.  ಅದರ ಮೇಲಂಚು ಸೊಂಟದಿಂದ ಎಷ್ಟು ಕೆಳಗೆ, ಕೆಳ ತುದಿ ಎಲ್ಲಿಗೆ ಬರುತ್ತದೆ ಎಂದು ಗುರುತು ಮಾಡಿಕೊಂಡಳು. ಕೂತಾಗಿನ ಸುತ್ತು ನಲವತ್ತಮೂರು ಬಂತು.

ನಲವತ್ತೆರಡು ಇಂಚಿನ ಬಟ್ಟೆಯೊಳಗೆ ನಲವತ್ತಮೂರು ಇಂಚಿನ ಮೈ. ಇನ್ನೇನಾಗುತ್ತದೆ.

"ದೊಡ್ಡ ಸೈಜು ಹೊಲಿದ್ರೆ ನಲವತ್ನಾಲ್ಕು ಬರುತ್ತೆ," ಎಂದಳು ಪುಟ್ಟಿ. "ಕೂತ ಮೇಲೂ ಒಂದಿಂಚು ಉಳಿಯುತ್ತೆ. ಆದ್ರೆ ಭುಜ ಜಾರುತ್ತೆ, ಕಂಕುಳಲ್ಲಿ ಬಟ್ಟೆ ತುಂಬ್ಕೊಳ್ಳುತ್ತೆ. ಎದೆ ನಿಮ್ದು ಚಿಕ್ಕ ಸೈಜಿಗೇ ಸಾಕು. ಮೇಲೆ ಚಿಕ್ಕದು, ಕೆಳಗೆ ದೊಡ್ಡದು ಮಾಡ್ತೀನಿ."

ಅದನ್ನು ಹೇಗೆ ಮಾಡುವುದು ಎಂದು ಅತ್ತಿಗೆ ಕೇಳಿದಳು. ಪ್ಯಾಟರ್ನಿನ ಕಾಗದದಲ್ಲಿ ಎಲ್ಲ ಸೈಜುಗಳ ಗೆರೆಗಳೂ ಒಂದರ ಪಕ್ಕ ಒಂದು ಇರುತ್ತವೆ. ಪುಟ್ಟಿ ಅದನ್ನು ಹಾಸಿಗೆಯ ಮೇಲೆ ಹರಡಿ, ಕಂಕುಳಿನ ಕೆಳಗೆ ಚಿಕ್ಕ ಗೆರೆಯಿಂದ ಹೊರಟು ಸೊಂಟಕ್ಕೆ ಬರುವಷ್ಟರಲ್ಲಿ ದೊಡ್ಡ ಗೆರೆಗೆ ಸೇರುವ ಹಾಗೆ ಪೆನ್ಸಿಲಿನಲ್ಲಿ ಮೆಲ್ಲನೆ ಇಳಿಸಿ ತೋರಿಸಿದಳು. ಮುಂಭಾಗದ ಸೊಂಟದಲ್ಲಿ ಎರಡು ಡಾರ್ಟುಗಳಿದ್ದವು. ಬಟ್ಟೆಯನ್ನು ಚಿಮುಟಿ ಹೊಲಿದು ಮೈಗೆ ಒತ್ತುವ ಮಡಿಕೆಗಳು. ಬಲಗಡೆಯ ಡಾರ್ಟು ಸರಿಯಾಗಿ ಚೀಲದ ಮೇಲೆಯೇ ಇಳಿಯುತ್ತಿತ್ತು. ಎರಡನ್ನೂ ಸೊಂಟದ ಹತ್ತಿರ ಮಾತ್ರ ಹೊಲಿದು ಕೆಳಗೆ ಬಿಟ್ಟುಬಿಡುತ್ತೇನೆ, ಮೆತ್ತನೆಯ ನೆರಿಗೆಯ ಹಾಗೆ ತೆರೆದುಕೊಳ್ಳುತ್ತವೆ, ಸಡಿಲ ಸುತ್ತಲೂ ಹಂಚಿಹೋಗದೆ ಬೇಕಾದ ಕಡೆಗೇ ಬರುತ್ತದೆ ಎಂದಳು.

ಅತ್ತಿಗೆ ಬೆರಳಿನಿಂದ ಆ ಪೆನ್ಸಿಲ್ ಗೆರೆಯನ್ನು ಸವರಿದಳು.

"ಇದು ಅಂದದ ಸಡಿಲವೋ, ಮೈಯದೋ?"

"ಮೈಯದೇ. ಪ್ಯಾಟರ್ನ್ ಮಾಡಿದವರು ಯಾರದೋ ಮೈಗೆ ಎರಡಿಂಚು ಸಾಕು ಅಂತ ಬಿಟ್ಟಿದ್ದಾರೆ. ನಿಮ್ಮ ಮೈಗೆ ಮೂರು ಬೇಕು, ಅದೂ ಮುಂದೆ ಬೇಕು. ಅಷ್ಟೇ ವ್ಯತ್ಯಾಸ."

"ನಿಮ್ಮಣ್ಣ ಕೇಳೋದು ಅದಲ್ಲವಲ್ಲ."

"ಅಣ್ಣ ಕೇಳೋದು ಅವನ ಕಣ್ಣಿಗೆ. ಅದನ್ನ ನಾನು ಹೊಲಿಯಲ್ಲ."

ಅತ್ತಿಗೆ ಕಾಗದವನ್ನು ಮಡಿಸಿ ಕೊಟ್ಟಳು. ಅವರದೊಂದು ಹೊದಿಕೆ ಇನ್ನೂ ಈ ಬೀರುವಿನಲ್ಲಿದೆ, ಹೋಗುವಾಗ ತೆಗೆದು ಹಾಲಿನಲ್ಲಿಟ್ಟುಬಿಡು ಎಂದಳು. ತಾನು ಹೊದ್ದು ಮಲಗುವ ಜಾಗದಲ್ಲಿ ಅದನ್ನು ಕಂಡರೆ ಮೈ ಮುಳ್ಳೇಳುತ್ತದೆ ಎಂದಳು. ಪುಟ್ಟಿ ಹೊದಿಕೆಯನ್ನಷ್ಟೇ ಅಲ್ಲ, ಅವನ ಶೇವಿಂಗ್ ಡಬ್ಬಿ, ಕಾಲುಚೀಲ, ಹಳೆಯ ಬೆಲ್ಟು ಎಲ್ಲವನ್ನೂ ಒಟ್ಟಿ ಸೋಫಾದ ಮೇಲೆ ಸುರಿದು ಬಂದಳು.

ಎರಡನೆಯ ಮಾದರಿಯನ್ನು ಊಟವಾದ ಮೇಲೆಯೇ ತೊಡಿಸಿ ನೋಡಿದರು, ಈ ಸಲ ಅಂಗಡಿಯಲ್ಲಿ. ಅತ್ತಿಗೆ ಕೂತಳು, ಬಗ್ಗಿದಳು, ಕುಕ್ಕರುಗಾಲಲ್ಲಿ ಕೂತು ಕತ್ತರಿಸುವ ಮೇಜಿನಡಿ ಇಣುಕಿ, ಇಲ್ಲೆಷ್ಟು ದಿನದಿಂದ ಗುಡಿಸಿಲ್ಲ ಎಂದು ಕೇಳಿದಳು. ಏನೂ ಒತ್ತಲಿಲ್ಲ. ನೆರಿಗೆಗಳು ತೆರೆದು ಮತ್ತೆ ಮುಚ್ಚಿಕೊಂಡವು. ನಿಂತು ಪಕ್ಕಕ್ಕೆ ತಿರುಗಿದಾಗ ಮಾತ್ರ ಬಲಗಡೆ ಒಂದು ಸಣ್ಣ ಉಬ್ಬು ಇತ್ತು.

"ಕಾಣುತ್ತಾ?" ಎಂದು ಕೇಳಿದಳು ಕನ್ನಡಿಯಲ್ಲೇ ಪುಟ್ಟಿಯ ಕಣ್ಣು ನೋಡಿ.

"ಹುಡುಕಿ ನೋಡೋರಿಗೆ ಕಾಣುತ್ತೆ."

ಅತ್ತಿಗೆ ಆ ಉಬ್ಬನ್ನು ತಾನೂ ನೋಡಿಕೊಂಡಳು. ಅವಳ ಮೂಗಿನ ಹೊಳ್ಳೆ ಬಿರಿಯಿತು. ಅಸಹ್ಯ ಹೋಗಿರಲಿಲ್ಲ, ಹೋಗುವ ಲಕ್ಷಣವೂ ಇರಲಿಲ್ಲ. ಬೆನ್ನಿನ ಮೇಲೆ ಒಂದು ಸುಕ್ಕಿದೆ, ಮೊದಲು ಅದನ್ನು ಸರಿಮಾಡು ಎಂದಳು. ಸುಕ್ಕು ಇತ್ತು ಕೂಡ. ಪುಟ್ಟಿ ಗುಂಡುಸೂಜಿ ಚುಚ್ಚಿದಳು.

ಮುಂದಿನ ತಿಂಗಳ ಮೊದಲ ಸೋಮವಾರ ಅತ್ತಿಗೆ ಕೆಲಸಕ್ಕೆ ಹೋದಳು. ಅವಳನ್ನು ಕಂಡು ಯಾರ ಮುಖ ಹೇಗಾಯಿತು, ಯಾರು ಲಿಫ್ಟಿನಿಂದ ಇಳಿದುಕೊಂಡರು ಎಂಬುದನ್ನೆಲ್ಲ ಸಂಜೆ ಫೋನಿನಲ್ಲಿ ಹೇಳಿದಳು. ಒಬ್ಬಿಬ್ಬರ ಮೇಲೆ ಹಲ್ಲು ಕಡಿದಳು. ನಾಲ್ಕನೇ ಮಹಡಿಯ ಬಚ್ಚಲುಗಳನ್ನು ತಾನಿಲ್ಲದ ಈ ತಿಂಗಳುಗಳಲ್ಲಿ ಹೊಲಸೆಬ್ಬಿಸಿಟ್ಟಿದ್ದಾರೆ ಎಂದು ಅದಕ್ಕಿಂತ ಹೆಚ್ಚು ಹೊತ್ತು ಬೈದಳು. ಡ್ರೆಸ್ಸಿನ ಬಗ್ಗೆ ಕೇಳಿದರೆ, ಪರವಾಗಿಲ್ಲ ಎಂದಳು. ಇನ್ನೊಂದು ಹೊಲಿ ಎಂದಳು.

ಅದೇ ವಾರದಲ್ಲಿ ಅಣ್ಣ ಅಂಗಡಿಗೆ ಬಂದ. ಬಗಲಲ್ಲಿ ಎರಡು ಪ್ಯಾಂಟುಗಳಿದ್ದವು. ಇತ್ತೀಚೆಗೆ ಹೊಟ್ಟೆಯ ಹತ್ತಿರ ಬಿಗಿಯುತ್ತದೆ, ಕೂತರೆ ಉಸಿರು ಕಟ್ಟುತ್ತದೆ, ಒಂದಿಷ್ಟು ಲೂಸ್ ಮಾಡಿಕೊಡು ಎಂದ. ಹೊರಗೆ ತಿಂದು ತಿಂದು ಹೀಗಾಗಿದೆ, ಆ ಮನೆಯಲ್ಲಿ ಊಟ ಮಾಡಲು ಮನಸ್ಸೇ ಬರುವುದಿಲ್ಲ ಎಂದ. ಅಂಗಿ ಮೇಲೆತ್ತಿ, ಹೊಟ್ಟೆಯನ್ನು ಒಳಗೆಳೆದುಕೊಂಡು ಅವಳೆದುರು ನಿಂತ. ಬೆಲ್ಟಿನ ಗುರುತು ಚರ್ಮದ ಮೇಲೆ ಕೆಂಪಗೆ ಕೂತಿತ್ತು. ಮೈಯಿಂದ ಬೆವರಿನ ಕಮಟು ಬರುತ್ತಿತ್ತು. ಟೇಪು ಪುಟ್ಟಿಯ ಕೊರಳಲ್ಲೇ ಇತ್ತು.

ಅವಳು ಕೈ ಎತ್ತಲು ಹೋದಳು, ಕೈ ಏಳಲಿಲ್ಲ. ಗಂಟಲಿಗೆ ಅದೇ ಹುಳಿನೀರು ಬಂತು. ಈ ಸಲ ಅವಳು ನುಂಗಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಪ್ಯಾಂಟುಗಳನ್ನು ಮಡಿಸಿ ಅವನ ಕೈಗೇ ಕೊಟ್ಟಳು.

"ಬೇರೆ ಕಡೆ ಕೊಡು ಅಣ್ಣ. ನನ್ನ ಕೈಲಿ ಮುಟ್ಟಕ್ಕಾಗಲ್ಲ."

ಕೆಲಸ ಜಾಸ್ತಿ ಇದೆಯಾ ಎಂದು ಕೇಳಿದ ಅವನು. ಇಲ್ಲ ಎಂದಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಹೊಟ್ಟೆಯನ್ನು ಹಿಡಿದಿಟ್ಟುಕೊಳ್ಳಲು ಮರೆತ, ಅದು ಅಂಗಿಯೊಳಗೆ ಇಳಿಬಿತ್ತು. ಕನ್ನಡಕದ ಅಂಗಡಿಯವನು ಆಚೆಯಿಂದ ನೋಡುತ್ತಿರುವುದನ್ನು ಕಂಡು ಪ್ಯಾಂಟುಗಳನ್ನು ಬಗಲಿಗಿಟ್ಟುಕೊಂಡು ಬಿಸಿಲಿಗೆ ಇಳಿದ.

ಪುಟ್ಟಿ ಅತ್ತಿಗೆಯ ಎರಡನೆಯ ಡ್ರೆಸ್ಸಿನ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಪ್ಯಾಟರ್ನಿಟ್ಟು, ಸೀಮೆಸುಣ್ಣ ಕೈಗೆತ್ತಿಕೊಂಡಳು.